ಆಡಿಟರಿಗೆ ಬೇಕಾದ ಬ್ಯಾಂಕ್ ಸರ್ಟಿಫಿಕೇಟು ಒಂದೇ ಪತ್ರಕ್ಕೆ ಬಂತು: ನನ್ನ ಅನುಭವ

2025ರ ಮಾರ್ಚ್ 31ಕ್ಕೆ ಮುಗಿದ ವರ್ಷದ ಬ್ಯಾಂಕ್ ಬಾಕಿ ಮತ್ತು ಬಡ್ಡಿಯ ಸರ್ಟಿಫಿಕೇಟು ಏಪ್ರಿಲ್ ತಿಂಗಳು ಮುಗಿಯುವ ಮೊದಲೇ ನಮ್ಮ ಆಡಿಟರ ಕೈ ಸೇರಿತು. ಅದರ ಮೇಲೆ ಒಂದೇ ಒಂದು ಪ್ರಶ್ನೆ ಬರಲಿಲ್ಲ. ಪಾಲುದಾರಿಕೆ ಫರ್ಮಿನ ಲೆಕ್ಕ ಬರೆಯುವವರಿಗೆ ಇದು ಎಷ್ಟು ದೊಡ್ಡ ಸಮಾಧಾನ ಅಂತ ಗೊತ್ತಿರುತ್ತದೆ. ಹಿಂದಿನ ವರ್ಷ ಇದೇ ಕಾಗದಕ್ಕೆ ಸೆಪ್ಟೆಂಬರ್ ತನಕ ಓಡಾಡಿದ್ದೆವು. ನಡುವೆ ಆದದ್ದು ಒಂದೇ ಬದಲಾವಣೆ. ಬ್ಯಾಂಕಿಗೆ ಕೊಡುವ ಪತ್ರವನ್ನು ನಾನು ಹೊಸದಾಗಿ ಬರೆದೆ. ಬರೆಯುವಾಗ "ಇಷ್ಟುದ್ದದ ಲೆಟರ್ ಯಾರು ಓದ್ತಾರೆ ಮಾರಾಯ್ರೆ" ಅಂತ ಹೇಳಿದವರೇ ಈಗ ಅದರ ಪ್ರತಿ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೆ ಕಳಿಸುವ ಬದಲು ಇಲ್ಲೇ ಬರೆಯುತ್ತೇನೆ.

ನಮ್ಮದು ಮಂಗಳೂರು ಬಂದರಿನಲ್ಲಿ ದಿನಸಿ ಹೋಲ್‌ಸೇಲ್ ವ್ಯಾಪಾರ. ನಾಲ್ಕು ಪಾಲುದಾರರು. ಒಂದು ಕರೆಂಟ್ ಅಕೌಂಟ್, ಸುಮಾರು 40 ಲಕ್ಷದ ಸಿಸಿ ಅಂದರೆ ಕ್ಯಾಶ್ ಕ್ರೆಡಿಟ್ ಸಾಲ, ಗೋಡೌನಿಗೆ ಮಾಡಿದ ಒಂದು ಟರ್ಮ್ ಲೋನ್, ಮತ್ತೆ ನಾಲ್ಕೈದು ಎಫ್‌ಡಿ. ಲೆಕ್ಕ ಟ್ಯಾಲಿಯಲ್ಲಿ. ದೊಡ್ಡ ಫರ್ಮ್ ಏನಲ್ಲ. ಆದರೆ ಟ್ಯಾಕ್ಸ್ ಆಡಿಟ್ ಇದೆ, ಬ್ಯಾಂಕಿನ ಸಾಲವೂ ಇದೆ. ಹಾಗಾಗಿ ಆಡಿಟರು ಪ್ರತಿ ಅಕೌಂಟಿಗೂ ಬ್ಯಾಂಕಿನ ಸಹಿ ಇರುವ ಕಾಗದ ಕೇಳುತ್ತಾರೆ. ಸ್ಟೇಟ್‌ಮೆಂಟ್ ಸಾಕಾಗುವುದಿಲ್ಲ.

ಹಳೆಯ ಪತ್ರ ನಿಮ್ಮಲ್ಲೂ ಇರುತ್ತದೆ. "ನಮ್ಮ ಎಲ್ಲಾ ಖಾತೆಗಳ ಮಾರ್ಚ್ 31ರ ಬಾಕಿ ಮತ್ತು ಬಡ್ಡಿ ಪ್ರಮಾಣಪತ್ರ ಕೊಡಬೇಕಾಗಿ ವಿನಂತಿ." ಕೆಳಗೆ ಸಹಿ, ಸೀಲು. ನಾನು ಈ ಕೆಲಸಕ್ಕೆ ಬರುವ ಮೊದಲಿನಿಂದಲೂ ಅದೇ ಒಂದು ಸಾಲು ಪ್ರತಿ ವರ್ಷ ಹೋಗುತ್ತಿತ್ತು. ಬ್ಯಾಂಕಿನವರಿಗೆ ಅದು ಒಂದು ಬಟನ್ ಒತ್ತುವ ಕೆಲಸ. ಒಂದು ಬಾಕಿಯ ಚೀಟಿ, ಒಂದು ಎಫ್‌ಡಿ ಬಡ್ಡಿಯ ಪ್ರಿಂಟ್, ಒಂದು ಸಾಲದ ಬಡ್ಡಿಯ ಪ್ರಿಂಟ್ ಬರುತ್ತಿತ್ತು. ನೋಡಲಿಕ್ಕೆ ಎಲ್ಲವೂ ಸರಿ. ಒಳಗೆ ಏನು ಬಿಟ್ಟುಹೋಗಿದೆ ಅಂತ ಗೊತ್ತಾಗುವುದು ತಿಂಗಳುಗಳ ನಂತರ.

2023-24ರಲ್ಲಿ ಆದದ್ದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಹೊಸ ಪತ್ರದ ಅರ್ಧ ಭಾಗ ಹುಟ್ಟಿದ್ದೇ ಅಲ್ಲಿಂದ.

2023ರ ಆಗಸ್ಟ್ 10ಕ್ಕೆ 20 ಲಕ್ಷದ ಒಂದು ಎಫ್‌ಡಿ ಇಟ್ಟಿದ್ದೆವು. ಬಡ್ಡಿ ವರ್ಷಕ್ಕೆ 7.2 ಪರ್ಸೆಂಟ್, ಮೂರು ತಿಂಗಳಿಗೊಮ್ಮೆ ಅಸಲಿಗೆ ಸೇರುವ ಲೆಕ್ಕ. ನವೆಂಬರ್ 10ಕ್ಕೆ 36,000 ಸೇರಿತು. ಫೆಬ್ರವರಿ 10ಕ್ಕೆ ಬಡ್ಡಿಗೂ ಬಡ್ಡಿ ಸೇರಿ 36,600 ಚಿಲ್ಲರೆ. ಒಟ್ಟು ಸುಮಾರು 72,600. ಆಮೇಲೆ ಫೆಬ್ರವರಿ 10ರಿಂದ ಮಾರ್ಚ್ 31ರ ತನಕ ಐವತ್ತು ದಿನ ಉಳಿಯಿತು. ಆ ದಿನಗಳ ಬಡ್ಡಿ ಸುಮಾರು 20,400. ಇದು ಎಫ್‌ಡಿಗೆ ಇನ್ನೂ ಸೇರಿಲ್ಲ, ಮೇ 10ಕ್ಕೆ ಸೇರುವಂಥದ್ದು. ಆದರೆ ವರ್ಷದ ಕೊನೆಗೆ ಬ್ಯಾಂಕು ತನ್ನ ಪುಸ್ತಕದಲ್ಲಿ ಇದಕ್ಕೂ ಪ್ರಾವಿಷನ್ ಹಾಕಿ, ಆದಾಯ ತೆರಿಗೆ ಕಾಯ್ದೆಯ ಆಗಿನ 194ಎ ಪ್ರಕಾರ ಟಿಡಿಎಸ್ ಹಿಡಿದುಬಿಟ್ಟಿತ್ತು. ಅಂದರೆ ಟಿಡಿಎಸ್ ಹಿಡಿದದ್ದು 93,000ದ ಮೇಲೆ, ಸರ್ಟಿಫಿಕೇಟಿನಲ್ಲಿ ಬಂದದ್ದು 72,600 ಮಾತ್ರ. ಆ ಪ್ರಿಂಟಿಗೆ "ಜಮಾ ಆದ ಬಡ್ಡಿ" ಮಾತ್ರ ಗೊತ್ತು.

ನಾನು 20,400ಕ್ಕೆ ಮಾರ್ಚ್ 31ರ ತಾರೀಕಿನಲ್ಲಿ ಎಂಟ್ರಿ ಹಾಕಿಯೇ ಇದ್ದೆ. ಆಡಿಟರ ಕಚೇರಿಯಲ್ಲಿ ತರಬೇತಿಗೆ ಇರುವ ಆರ್ಟಿಕಲ್ ಹುಡುಗ ಸರ್ಟಿಫಿಕೇಟ್ ನೋಡಿ ಅದನ್ನು ತೆಗೆಸಿದ. "ಬ್ಯಾಂಕ್ ಕನ್ಫರ್ಮ್ ಮಾಡಿದ್ದು ಇಷ್ಟೇ ಅಲ್ವಾ ಸರ್" ಅಂದ. ಅವನ ಕೈಯಲ್ಲಿ ಇದ್ದ ಕಾಗದಕ್ಕೆ ಅವನ ಮಾತು ಸರಿಯೇ. ಸೆಪ್ಟೆಂಬರಿನಲ್ಲಿ, ನಮ್ಮ ಹೆಸರಿನಲ್ಲಿ ಹಿಡಿದ ಟಿಡಿಎಸ್ ಎಲ್ಲ ತೋರಿಸುವ ತೆರಿಗೆ ಇಲಾಖೆಯ 26ಎಎಸ್ ಜೊತೆ ತಾಳೆ ನೋಡುವಾಗ ವ್ಯತ್ಯಾಸ ಬಂತು. ಅದೂ ಬರೀ 20,000 ಅಲ್ಲ, 50,000ಕ್ಕಿಂತ ಜಾಸ್ತಿ.

ಉಳಿದ ಮೂವತ್ತು ಸಾವಿರ ಚಿಲ್ಲರೆ ಎಲ್ಲಿಂದ ಬಂತು ಅಂತ ಹುಡುಕಲಿಕ್ಕೆ ನಮಗೆ ತುಂಬಾ ಸಮಯ ಹಿಡಿಯಿತು. ಕಾರಣ ನಮ್ಮ ಊರಿನದ್ದೇ.

ಕರಾವಳಿಯಲ್ಲಿ ಹುಟ್ಟಿದ ಬ್ಯಾಂಕುಗಳ ಕಥೆ ಎಲ್ಲರಿಗೂ ಗೊತ್ತು. 2019ರ ಏಪ್ರಿಲ್ 1ಕ್ಕೆ ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತು. ಮುಂದಿನ ವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕು ಕೆನರಾಕ್ಕೆ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿಗೆ ಸೇರಿದವು. ನಮ್ಮ ಕಡೆಯ ಹಳೆಯ ಫರ್ಮುಗಳಿಗೆ ಒಂದಕ್ಕಿಂತ ಹೆಚ್ಚು ಬ್ಯಾಂಕಿನಲ್ಲಿ ಅಕೌಂಟ್ ಇರುವುದು ಮಾಮೂಲು. ನಮಗೂ ಒಂದಾದ ಎರಡು ಬ್ಯಾಂಕಿನಲ್ಲೂ ಖಾತೆ ಇತ್ತು. ಯಾವುವು ಅಂತ ಹೆಸರು ಬೇಡ. ಒಂದಾದ ಮೇಲೆ ಬೋರ್ಡು ಒಂದೇ ಆಯಿತು. ಆದರೆ ನಮ್ಮ ಫರ್ಮಿಗೆ ಕಸ್ಟಮರ್ ಐಡಿ ಎರಡು ಉಳಿದವು. ಹಳೆಯ ಬ್ಯಾಂಕಿನ ಐಡಿಯಲ್ಲಿ ಐದು ಲಕ್ಷದ ಒಂದು ಎಫ್‌ಡಿ ತನ್ನಷ್ಟಕ್ಕೆ ರಿನ್ಯೂ ಆಗುತ್ತಾ ಇತ್ತು. ಬಡ್ಡಿ ಸರ್ಟಿಫಿಕೇಟು ಪ್ರಿಂಟ್ ಆಗುವುದು ಪ್ಯಾನ್ ಮೇಲೆ ಅಲ್ಲ, ಕಸ್ಟಮರ್ ಐಡಿ ಮೇಲೆ. ಕೌಂಟರಿನಲ್ಲಿ ಕುಳಿತವರು ಸಿಸಿ ಇರುವ ಐಡಿ ಹಾಕಿದರು, ಅದಕ್ಕೆ ಸೇರಿದ ಎಫ್‌ಡಿಗಳು ಬಂದವು. ಇನ್ನೊಂದು ಬರಲೇ ಇಲ್ಲ. 26ಎಎಸ್ ಮಾತ್ರ ಪ್ಯಾನ್ ಮೇಲೆ ನಡೆಯುತ್ತದೆ, ಅಲ್ಲಿ ಎಲ್ಲವೂ ಕಾಣಿಸಿತು.

ಹಣದ ಲೆಕ್ಕ ಹೇಳಬೇಕು. ಬಿಟ್ಟುಹೋದ ಬಡ್ಡಿ ಸುಮಾರು 54,000. ಫರ್ಮಿಗೆ ತೆರಿಗೆ 30 ಪರ್ಸೆಂಟ್, ಅದರ ಮೇಲೆ 4 ಪರ್ಸೆಂಟ್ ಸೆಸ್. ಅಂದಾಜು 17,000 ತೆರಿಗೆ. ಇದು ಯಾವತ್ತಿದ್ದರೂ ಕೊಡಬೇಕಾದ್ದೇ, ಅದು ನಷ್ಟ ಅಲ್ಲ. ನಷ್ಟ ಆದದ್ದು ಬೇರೆ ಕಡೆ. ಮುಚ್ಚಿದ ಪುಸ್ತಕ ಪುನಃ ತೆರೆಯಬೇಕಾಯಿತು. ಲಾಭ ಬದಲಾಯಿತು, ನಾಲ್ಕೂ ಪಾಲುದಾರರ ಕ್ಯಾಪಿಟಲ್ ಅಕೌಂಟ್ ಬದಲಾಯಿತು, ಅವರವರ ರಿಟರ್ನಿನ ಅಂಕಿ ಬದಲಾಯಿತು. ಆಡಿಟರು ಈ ಕೆಲಸಕ್ಕೆ ಬೇರೆಯಾಗಿ ಐದಾರು ಸಾವಿರ ಬಿಲ್ ಮಾಡಿದರು. ಬ್ಯಾಂಕಿನಲ್ಲಿ ಪುನಃ ಸರ್ಟಿಫಿಕೇಟು ತೆಗೆಸಿದ್ದಕ್ಕೆ ಪ್ರತಿಯೊಂದಕ್ಕೂ ಚಾರ್ಜು, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಆಡಿಟ್ ರಿಪೋರ್ಟಿನ ಗಡುವು ಸೆಪ್ಟೆಂಬರ್ 30 ಹತ್ತಿರ ಬಂದಾಗ ದೊಡ್ಡ ದಣಿಗಳ ಮುಖ ನೋಡುವ ಹಾಗಿರಲಿಲ್ಲ.

ಅದೇ ಸಲ ಟರ್ಮ್ ಲೋನಿನ ಕಾಗದದಲ್ಲೂ ಇನ್ನೊಂದು ತೊಂದರೆ ಇತ್ತು. ಪ್ರಿಂಟಿನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ "ಪ್ರಾವಿಜನಲ್" ಅಂತ ಇತ್ತು. ಅದು ವರ್ಷ ಮುಗಿಯುವ ಮೊದಲೇ ಅಂದಾಜು ಹಾಕಿ ಕೊಡುವ ಕಾಗದ. ಸಂಬಳದವರು ಮನೆ ಸಾಲಕ್ಕೆ ಜನವರಿಯಲ್ಲಿ ಆಫೀಸಿಗೆ ಕೊಡುತ್ತಾರಲ್ಲ, ಅದೇ. ಮಾರ್ಚ್ ಕಂತು ಹೊತ್ತಿಗೆ ಸರಿಯಾಗಿ ಕಟ್ಟಿದ್ದಾರೆ ಅಂತ ಊಹಿಸಿ ಬಡ್ಡಿ ತೋರಿಸುತ್ತದೆ. ಆಡಿಟಿಗೆ ಅದು ಉಪಯೋಗಕ್ಕೆ ಬರುವುದಿಲ್ಲ. ನಿಮ್ಮ ಕೈಗೆ ಸಾಲದ ಸರ್ಟಿಫಿಕೇಟು ಬಂದ ಕೂಡಲೇ ಮೊದಲು ಆ ಒಂದು ಶಬ್ದ ಇದೆಯಾ ನೋಡಿ, ಆಮೇಲೆ ಅದು ಪ್ರಿಂಟ್ ಆದ ತಾರೀಕು ನೋಡಿ. ತಾರೀಕು ಮಾರ್ಚ್ 31ಕ್ಕಿಂತ ಮೊದಲಿನದ್ದಾದರೆ ಹಿಂದೆ ಕೊಟ್ಟುಬಿಡಿ.

ಇಷ್ಟು ಆದ ಮೇಲೆ ನಾನು ಕೂತು ಯೋಚನೆ ಮಾಡಿದೆ. ಬ್ಯಾಂಕಿನವರು ಬೇಕಂತ ಏನೂ ಬಿಟ್ಟಿರಲಿಲ್ಲ. ಒಂದು ಸಾಲಿನ ಪತ್ರಕ್ಕೆ ಒಂದು ಸಾಲಿನ ಉತ್ತರ ಬಂದಿತ್ತು. ಯಾವ ಐಡಿ, ಯಾವ ಖಾತೆ, ಯಾವ ಬಡ್ಡಿ, ಎಷ್ಟು ಗಂಟೆಯ ಬಾಕಿ ಅಂತ ಕೇಳಿದವರೇ ಹೇಳಬೇಕು. ಹಾಗಾಗಿ ಪತ್ರವನ್ನು ಎರಡು ಹಾಳೆ ಮಾಡಿದೆ. ಮೊದಲನೇ ಹಾಳೆ ಪತ್ರ. ಎರಡನೇ ಹಾಳೆ ಒಂದು ಪಟ್ಟಿ, ಅದನ್ನು ಬ್ಯಾಂಕಿನವರು ತುಂಬಿಸಿ ಸೀಲು ಹಾಕಿದರೆ ಅದೇ ಸರ್ಟಿಫಿಕೇಟು.

ಪತ್ರ ಹೀಗಿದೆ. ಖಾತೆ ಸಂಖ್ಯೆಗಳ ಜಾಗ ಖಾಲಿ ಬಿಟ್ಟಿದ್ದೇನೆ.

ಇವರಿಗೆ,
ಶಾಖಾ ವ್ಯವಸ್ಥಾಪಕರು,
............ ಬ್ಯಾಂಕ್, ............ ಶಾಖೆ, ಮಂಗಳೂರು.

ಮಾನ್ಯರೇ,

ವಿಷಯ: 31-03-2025ಕ್ಕೆ ನಮ್ಮ ಫರ್ಮಿನ ಎಲ್ಲಾ ಖಾತೆಗಳ ಬಾಕಿ ಮತ್ತು 2024-25ನೇ ಸಾಲಿನ ಬಡ್ಡಿಯ ದೃಢೀಕರಣ ಕೋರಿ.

ನಮ್ಮ ಪಾಲುದಾರಿಕೆ ಫರ್ಮ್ ............, ಪ್ಯಾನ್ ............, ನಿಮ್ಮ ಬ್ಯಾಂಕಿನಲ್ಲಿ ............ ಮತ್ತು ............ ಎಂಬ ಎರಡು ಕಸ್ಟಮರ್ ಐಡಿಗಳಲ್ಲಿ ಖಾತೆಗಳನ್ನು ಹೊಂದಿದೆ. ನಮ್ಮ ಲೆಕ್ಕಪತ್ರಗಳ ಆಡಿಟ್ ನಡೆಯುತ್ತಿದ್ದು, ಆಡಿಟರಿಗೆ ಈ ಕೆಳಗಿನ ವಿವರಗಳ ದೃಢೀಕರಣ ಬೇಕಾಗಿದೆ.

1. ಲಗತ್ತಿಸಿದ ಪಟ್ಟಿಯ ಪ್ರತಿ ಖಾತೆಗೆ 31-03-2025ರ ದಿನದ ವ್ಯವಹಾರ ಪೂರ್ತಿ ಮುಗಿದ ಮೇಲಿನ ಬಾಕಿ, ಮಾರ್ಚ್ ತಿಂಗಳ ಬಡ್ಡಿ ಸೇರಿಸಿ.

2. ಪ್ರತಿ ಠೇವಣಿಗೆ: 01-04-2024ರಿಂದ 31-03-2025ರವರೆಗೆ ಜಮಾ ಆದ ಬಡ್ಡಿ, 31-03-2025ರವರೆಗೆ ಸೇರಿಕೊಂಡಿದ್ದು ಜಮಾ ಆಗದೆ ಉಳಿದ ಬಡ್ಡಿ, ಎರಡರ ಮೇಲೂ ಕಡಿತ ಮಾಡಿದ ಟಿಡಿಎಸ್. ವರ್ಷದ ನಡುವೆ ಮುಕ್ತಾಯವಾದ, ಮುಚ್ಚಿದ ಅಥವಾ ನವೀಕರಣವಾಗಿ ಹೊಸ ಸಂಖ್ಯೆ ಪಡೆದ ಠೇವಣಿಗಳನ್ನೂ ಸೇರಿಸಬೇಕಾಗಿ ವಿನಂತಿ.

3. ಪ್ರತಿ ಸಾಲ ಖಾತೆಗೆ: ವರ್ಷದಲ್ಲಿ ಹಾಕಿದ ಬಡ್ಡಿ, ಅದರಲ್ಲಿ 31-03-2025ರೊಳಗೆ ಪಾವತಿಯಾದದ್ದು, ಪಾವತಿಯಾಗದೆ ಉಳಿದದ್ದು. ದಂಡ ಶುಲ್ಕ ಮತ್ತು ಇತರ ಶುಲ್ಕಗಳನ್ನು ಬಡ್ಡಿಯಲ್ಲಿ ಸೇರಿಸದೆ ಬೇರೆಯಾಗಿ ತೋರಿಸಬೇಕು. ಅಂತಿಮ ಲೆಕ್ಕ ಮಾತ್ರ ಬೇಕು, ತಾತ್ಕಾಲಿಕ ಪ್ರಮಾಣಪತ್ರ ಬೇಡ.

4. ಯಾವುದೇ ಠೇವಣಿಯ ಮೇಲೆ ಲಿಯನ್ ಇದ್ದರೆ, ಫರ್ಮಿನ ಪರವಾಗಿ ಬ್ಯಾಂಕ್ ಗ್ಯಾರಂಟಿ ಇದ್ದರೆ ಅದರ ಮೊತ್ತ ಮತ್ತು ಅವಧಿ.

5. ಮೇಲಿನ ಪ್ಯಾನ್‌ನಲ್ಲಿ ನಮ್ಮ ಪಟ್ಟಿಯಲ್ಲಿ ಇಲ್ಲದ ಬೇರೆ ಯಾವುದೇ ಖಾತೆ ಇದ್ದರೆ ಅದರ ವಿವರ. ಇಲ್ಲದಿದ್ದರೆ "ಬೇರೆ ಖಾತೆ ಇಲ್ಲ" ಎಂದು ನಮೂದಿಸಬೇಕಾಗಿ ವಿನಂತಿ.

ಈ ವಿವರಗಳನ್ನು ನೇರವಾಗಿ ನಮ್ಮ ಆಡಿಟರಾದ ............, ವಿಳಾಸ ............, ಇಮೇಲ್ ............ ಇವರಿಗೆ ಕಳುಹಿಸಲು ಈ ಪತ್ರದ ಮೂಲಕ ಒಪ್ಪಿಗೆ ಕೊಡುತ್ತಿದ್ದೇವೆ. ಇದಕ್ಕೆ ತಗಲುವ ಶುಲ್ಕವನ್ನು ನಮ್ಮ ಕರೆಂಟ್ ಖಾತೆ ಸಂಖ್ಯೆ ............ರಿಂದ ಕಡಿತ ಮಾಡಬಹುದು.

ಇಂತಿ ನಿಮ್ಮ ವಿಶ್ವಾಸಿಗಳು,
............ ಪರವಾಗಿ,
(ಪಾಲುದಾರರು) (ಪಾಲುದಾರರು)

ಪತ್ರ ಇಷ್ಟೇ. ಪಟ್ಟಿಯಲ್ಲಿ ಎಡಗಡೆ ಖಾತೆಯ ಸಂಖ್ಯೆ, ಖಾತೆಯ ಹೆಸರು, ಎಫ್‌ಡಿ ಆದರೆ ರಸೀದಿಯ ತಾರೀಕು ನಾವೇ ಟೈಪ್ ಮಾಡುತ್ತೇವೆ. ಬಲಗಡೆ ಬಾಕಿ, ಬಡ್ಡಿ, ಟಿಡಿಎಸ್ ಕಾಲಮುಗಳು ಖಾಲಿ. ಕೆಳಗೆ ಬ್ಯಾಂಕಿನ ಅಧಿಕಾರಿಯ ಹೆಸರು, ಹುದ್ದೆ, ಸಹಿ, ತಾರೀಕು, ಸೀಲಿಗೆ ಜಾಗ.

ಆ ಕಾಲಮುಗಳನ್ನು ಖಾಲಿ ಬಿಡಬೇಕಾ, ನಮ್ಮ ಅಂಕಿ ಹಾಕಿ ಕೊಡಬೇಕಾ ಅಂತ ನನಗೂ ಆಡಿಟರಿಗೂ ಸುಮಾರು ಚರ್ಚೆ ಆಯಿತು. ನನ್ನ ಮೊದಲ ಆಲೋಚನೆ ನಮ್ಮ ಟ್ಯಾಲಿಯ ಅಂಕಿ ಹಾಕಿ ಕೊಡುವುದು. ಬ್ಯಾಂಕಿನವರಿಗೆ ಕೆಲಸ ಕಮ್ಮಿ, ಬೇಗ ಸೀಲು ಬೀಳುತ್ತದೆ. ನಾನು ಲೆಕ್ಕ ಬರೆಯುವ ಇನ್ನೊಂದು ಸಣ್ಣ ಫರ್ಮಿನಲ್ಲಿ ಹಾಗೆ ಮಾಡಿ ನೋಡಿದೆ. ಸೀಲು ಬೇಗ ಬಿತ್ತು ನಿಜ, ನಾನು ಕೌಂಟರಿನಲ್ಲಿ ನಿಂತಿದ್ದಾಗಲೇ ಬಿತ್ತು. ಕಂಪ್ಯೂಟರಿನಲ್ಲಿ ಖಾತೆ ತೆರೆದೇ ಇರಲಿಲ್ಲ. ಆ ಕಾಗದವನ್ನು ನಮ್ಮ ಆಡಿಟರು ಒಪ್ಪಲಿಲ್ಲ, ನಾನಾದರೂ ಒಪ್ಪುತ್ತಿರಲಿಲ್ಲ. ಹೊರಗಿನವರಿಂದ ದೃಢೀಕರಣ ಪಡೆಯುವುದಕ್ಕೆ ಅವರಿಗೆ ಎಸ್‌ಎ 505 ಅಂತ ಒಂದು ನಿಯಮ ಇದೆ. ಅದರಲ್ಲಿ ಇದೇ ವಿಷಯ ಬರುತ್ತದೆ. ಅಂಕಿ ಬರೆದು ಕೊಟ್ಟರೆ ನೋಡದೆ ಸಹಿ ಬೀಳುವ ಅಪಾಯ. ಖಾಲಿ ಕೊಟ್ಟರೆ ಆ ಅಪಾಯ ಇಲ್ಲ, ಆದರೆ ಕೆಲಸ ಜಾಸ್ತಿಯಾದ್ದರಿಂದ ಉತ್ತರವೇ ಬಾರದೆ ಹೋಗಬಹುದು. ನಾವು ಖಾಲಿಯೇ ಕೊಟ್ಟೆವು. ಉತ್ತರ ಬರುವ ಹಾಗೆ ಮಾಡುವುದು ನನ್ನ ಕೆಲಸ ಅಂತ ಒಪ್ಪಿಕೊಂಡೆ.

ಅದೇ ನಿಯಮದ ಪ್ರಕಾರ ಪತ್ರ ಹೋಗುವುದು ಮತ್ತು ಉತ್ತರ ಬರುವುದು ಆಡಿಟರ ಹಿಡಿತದಲ್ಲಿ ಇರಬೇಕು. ಪತ್ರ ನಾವು ಟೈಪ್ ಮಾಡಿ ಪಾಲುದಾರರ ಸಹಿ ಹಾಕಿಸಿ ಆಡಿಟರ ಕಚೇರಿಗೆ ಕೊಟ್ಟೆವು. ಅವರು ಖಾತೆಗಳ ಪಟ್ಟಿ ನೋಡಿ, ತಮ್ಮ ಕಡೆಯಿಂದಲೇ ಬ್ಯಾಂಕಿಗೆ ಕಳಿಸಿದರು. ಬ್ಯಾಂಕಿನವರ ಮೊದಲ ಮಾತು "ನಾವು ಗಿರಾಕಿಗೆ ಮಾತ್ರ ಕೊಡುವುದು" ಅಂತ. ಅದು ನ್ಯಾಯವೇ, ಗಿರಾಕಿಯ ವಿವರ ಬೇರೆಯವರಿಗೆ ಕೊಡಲಿಕ್ಕೆ ಅವರಿಗೆ ಬರುವುದಿಲ್ಲ. ಅದಕ್ಕೇ ಪತ್ರದ ಕೊನೆಯಲ್ಲಿ ಒಪ್ಪಿಗೆಯ ಸಾಲು. ಅದನ್ನು ತೋರಿಸಿದ ಮೇಲೆ ಮಾತು ಮುಗಿಯಿತು.

ಸಹಿಯ ವಿಷಯಕ್ಕೆ ಸ್ವಲ್ಪ ಜಾಗ್ರತೆ ಬೇಕು. ಡೀಡಿನಲ್ಲಿ ಯಾರು ಪಾಲುದಾರರು ಅನ್ನುವುದಲ್ಲ ಇಲ್ಲಿ ಮುಖ್ಯ. ಬ್ಯಾಂಕಿನ ದಾಖಲೆಯಲ್ಲಿ ಖಾತೆ ನಡೆಸುವ ಅಧಿಕಾರ ಯಾರಿಗಿದೆ ಅನ್ನುವುದು ಮುಖ್ಯ. ನಮ್ಮಲ್ಲಿ ಯಾರಾದರೂ ಇಬ್ಬರು ಸೇರಿ ಅಂತ ಇದೆ. ನನಗೆ ಗೊತ್ತಿರುವ ಒಂದು ಫರ್ಮಿನಲ್ಲಿ ತಂದೆ ನಿವೃತ್ತಿಯಾಗಿ ಮಗ ಪಾಲುದಾರ ಆಗಿದ್ದ. ಡೀಡ್ ಬದಲಾಗಿತ್ತು, ಬ್ಯಾಂಕಿನಲ್ಲಿ ಬದಲಾಗಿರಲಿಲ್ಲ. ಮಗನ ಸಹಿಯ ಪತ್ರ ಹಾಗೇ ಹಿಂದೆ ಬಂತು. ಮತ್ತೆ ಎರಡು ಕಸ್ಟಮರ್ ಐಡಿ ಇದ್ದರೆ ಎರಡರಲ್ಲೂ ಸಹಿಯ ದಾಖಲೆ ಬೇರೆ ಬೇರೆ ಇರಬಹುದು. ಹಳೆಯ ಐಡಿಯಲ್ಲಿ ಹತ್ತು ವರ್ಷ ಹಿಂದಿನ ಸಹಿ ಇರುತ್ತದೆ. ಪತ್ರ ಕೊಡುವ ಮೊದಲೇ ಇದನ್ನು ವಿಚಾರಿಸಿಕೊಳ್ಳಿ.

ಈಗ ಸಮಯ. ಮಾರ್ಚ್ 31ರ ಸಂಜೆ ನಾಲ್ಕು ಗಂಟೆಗೆ ಸ್ಟೇಟ್‌ಮೆಂಟ್ ತೆಗೆದರೆ ಸಿಸಿಯಲ್ಲಿ ಮಾರ್ಚ್ ತಿಂಗಳ ಬಡ್ಡಿ ಇನ್ನೂ ಬಿದ್ದಿರುವುದಿಲ್ಲ, ಅದು ಬೀಳುವುದು ದಿನ ಮುಗಿಸುವಾಗ. ನಮ್ಮ ಸಿಸಿಗೆ ತಿಂಗಳಿಗೆ 30,000ದ ಆಸುಪಾಸು ಬಡ್ಡಿ. ಒಂದು ದಿನದ ಅವಸರಕ್ಕೆ ಅಷ್ಟು ವ್ಯತ್ಯಾಸ. ಏಪ್ರಿಲ್ 1ಕ್ಕೆ ಬ್ಯಾಂಕಿನ ವರ್ಷಾಂತ್ಯದ ಲೆಕ್ಕ, ಗಿರಾಕಿಗಳಿಗೆ ಬಾಗಿಲಿಲ್ಲ. ಆಮೇಲೆ ಅನೇಕ ಬ್ರಾಂಚುಗಳಿಗೆ ಅವರದ್ದೇ ಆಡಿಟರು ಬರುತ್ತಾರೆ. ಆಗ ಯಾರಿಗೂ ನಮ್ಮ ಪಟ್ಟಿ ನೋಡಲಿಕ್ಕೆ ಪುರುಸೊತ್ತು ಇರುವುದಿಲ್ಲ. ಆ ದಿನಗಳಲ್ಲಿ ಹಿಂದಿನ ತಾರೀಕಿಗೆ ಲೆಕ್ಕ ಹಾಕಿ ಕೆಲವು ಎಂಟ್ರಿ ಬೀಳುವುದೂ ಉಂಟು. ಏಪ್ರಿಲ್ ಮೂರನೇ ವಾರ ಸರಿಯಾದ ಹೊತ್ತು ಅನ್ನುವುದು ನನ್ನ ಅಭಿಪ್ರಾಯ. ಬ್ರಾಂಚಿನಲ್ಲಿ ಯಾವ ಟೇಬಲ್ಲಿಗೆ, ದಿನದ ಯಾವ ಗಂಟೆಗೆ ಕೊಟ್ಟರೆ ಬೇಗ ಆಗುತ್ತದೆ ಅನ್ನುವುದಕ್ಕೆ ನನ್ನದೇ ಒಂದು ದಾರಿ ಇದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಪಟ್ಟಿಯಲ್ಲಿ ಖಾತೆಗಳನ್ನು ಯಾವ ಕ್ರಮದಲ್ಲಿ ಬರೆಯಬೇಕು ಅನ್ನುವುದೂ ಅಷ್ಟೇ. ಎರಡೂ ಕೆಲಸ ಮಾಡುತ್ತಾ ಸಿಕ್ಕಿದ್ದು, ನಿಮಗೂ ಸಿಗುತ್ತದೆ.

ಪ್ರತಿಯ ಮೇಲೆ ಇನ್‌ವರ್ಡ್ ಸೀಲು ಹಾಕಿಸದೆ ಬರಬೇಡಿ. ಸೀಲಿನ ತಾರೀಕು ಇದ್ದರೆ ಮುಂದಿನ ಸಲ ವಿಚಾರಿಸುವಾಗ "ಯಾವ ಲೆಟರ್?" ಅನ್ನುವ ಪ್ರಶ್ನೆ ಬರುವುದಿಲ್ಲ.

ನಡುವೆ ಒಂದೆರಡು ಪ್ರಯೋಗ ಮಾಡಿದ್ದೇನೆ. ನೆಟ್ ಬ್ಯಾಂಕಿಂಗಿನಲ್ಲಿ ಬಡ್ಡಿ ಸರ್ಟಿಫಿಕೇಟು ಎರಡು ನಿಮಿಷಕ್ಕೆ ಸಿಗುತ್ತದೆ, ದುಡ್ಡೂ ಇಲ್ಲ. ಆದರೆ ಅದೂ ಕಸ್ಟಮರ್ ಐಡಿ ಮೇಲೆಯೇ ಬರುವುದು. ನಮ್ಮದರಲ್ಲಿ ಮುಚ್ಚಿದ ಎಫ್‌ಡಿ ಕಾಣಿಸಲಿಲ್ಲ. ಅದು ನಮ್ಮ ಕೈಯಿಂದ ಹೋಗುವ ಕಾಗದವಾದ್ದರಿಂದ ಆಡಿಟರಿಗೆ ಬರೀ ತಾಳೆ ನೋಡಲಿಕ್ಕೆ ಆಗುತ್ತದೆ. ನಾನು ಅದನ್ನು ಈಗಲೂ ತೆಗೆದಿಡುತ್ತೇನೆ, ಪಟ್ಟಿ ಮಾಡುವಾಗ ಅನುಕೂಲ. ಇಮೇಲಿನಲ್ಲಿ ಮಾತ್ರ ಪತ್ರ ಕಳಿಸಿ ನೋಡಿದೆ. ಬ್ರಾಂಚಿನ ಇಮೇಲು ಯಾರು ತೆರೆಯುತ್ತಾರೋ, ಉತ್ತರ ಬರಲಿಲ್ಲ. ಕಾಗದ ಕೊಟ್ಟು, ಅದೇ ದಿನ ಅದರ ಸ್ಕ್ಯಾನ್ ಇಮೇಲ್ ಮಾಡಿದರೆ ಕೆಲಸ ಆಗುತ್ತದೆ.

ಇನ್ನೊಂದು ಪ್ರಯೋಗ ಭಾಷೆಯದ್ದು. ಪತ್ರ ಪೂರ್ತಿ ಕನ್ನಡದಲ್ಲಿ ಇರಬೇಕು ಅನ್ನುವುದು ನನ್ನ ಹಟ. ಆದರೆ ನಮ್ಮ ಬ್ರಾಂಚಿನಲ್ಲಿ ಆಗ ಇದ್ದ ಅಧಿಕಾರಿ ಬೇರೆ ರಾಜ್ಯದವರು, ಪಟ್ಟಿ ತುಂಬಿಸುವವರು ಅವರೇ. ಹಾಗಾಗಿ ಪತ್ರ ಕನ್ನಡದಲ್ಲಿ, ಪಟ್ಟಿಯ ಕಾಲಮುಗಳ ತಲೆಬರಹ ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಮಾಡಿದೆ. ಅವರು ಪಕ್ಕದ ಕ್ಲರ್ಕ್ ಹತ್ತಿರ ಪತ್ರ ಓದಿಸಿಕೊಂಡು, ಪಟ್ಟಿ ತಾವೇ ತುಂಬಿಸಿದರು. ಕನ್ನಡ ಪತ್ರದಿಂದ ಕೆಲಸ ನಿಲ್ಲುತ್ತದೆ ಅಂತ ಹೆದರಿಸಿದವರು ಬಹಳ ಜನ. ಒಂದು ದಿನವೂ ನಿಲ್ಲಲಿಲ್ಲ.

ಈ ಸಲದ ಉತ್ತರ ಹೇಗಿತ್ತು ಅಂತ ಹೇಳುತ್ತೇನೆ. ಐದನೇ ಅಂಶ ಇದೆಯಲ್ಲ, ಬೇರೆ ಯಾವ ಖಾತೆ ಇದೆ ಅಂತ ಕೇಳಿದ್ದು, ಅದನ್ನು ತೆಗೆದುಬಿಡಿ ಅಂತ ಆಡಿಟರೇ ಹೇಳಿದ್ದರು. ಬ್ಯಾಂಕಿನವರು ಅದಕ್ಕೆ ಉತ್ತರ ಕೊಡುವುದಿಲ್ಲ ಅಂತ ಅವರ ಲೆಕ್ಕ. ನಾನು ಬಿಡಲಿಲ್ಲ. ಅದೇ ಅಂಶಕ್ಕೆ ಉತ್ತರವಾಗಿ ಹಳೆಯ ಬ್ಯಾಂಕಿನ ಕಾಲದ ಒಂದು ಕರೆಂಟ್ ಅಕೌಂಟ್ ಹೊರಗೆ ಬಂತು. ಸುಮಾರು 11,000 ರೂಪಾಯಿ, ವರ್ಷಗಳಿಂದ ವ್ಯವಹಾರ ಇಲ್ಲ. ನಮ್ಮ ಪುಸ್ತಕದಲ್ಲಿ ಅದರ ಲೆಡ್ಜರೇ ಇರಲಿಲ್ಲ. ನಾನು ಬರುವ ಮೊದಲಿನ ಲೆಕ್ಕದವರ ಕಾಲದಲ್ಲಿ ಎಲ್ಲೋ ಬಿಟ್ಟುಹೋದದ್ದು. ದೊಡ್ಡ ದಣಿಗಳು ಕಾಗದ ನೋಡಿ, "ಹೋ, ಇದು ನಮ್ಮ ಹಳೇ ಅಂಗಡಿ ಬಾಡಿಗೆ ಹೋಗ್ತಿದ್ದ ಅಕೌಂಟು" ಅಂದರು. ಈಗ ಅದನ್ನು ಮುಚ್ಚಿಸಿ ಹಣ ಸಿಸಿಗೆ ಹಾಕಿದ್ದೇವೆ.

ಎಫ್‌ಡಿ ಕಾಲಮಿನಲ್ಲಿ ಜಮಾ ಆದದ್ದು ಮತ್ತು ಸೇರಿಕೊಂಡದ್ದು ಬೇರೆ ಬೇರೆ ಬಂತು. ಸೇರಿಕೊಂಡ ಬಡ್ಡಿಯಲ್ಲಿ ನನ್ನ ಲೆಕ್ಕಕ್ಕೂ ಅವರದ್ದಕ್ಕೂ ಒಂದು ಎಫ್‌ಡಿಗೆ ಮುನ್ನೂರು ನಾನೂರು ರೂಪಾಯಿ ವ್ಯತ್ಯಾಸ ಇತ್ತು. ಒಂದು ದಿನ ಹಿಡಿಯುವುದು ಬಿಡುವುದರಲ್ಲಿ ಅಷ್ಟು ಆಗುತ್ತದೆ. 20 ಲಕ್ಷಕ್ಕೆ 7.2 ಪರ್ಸೆಂಟ್ ಅಂದರೆ ದಿನಕ್ಕೆ ಹತ್ತಿರ ಹತ್ತಿರ 400 ರೂಪಾಯಿ. ವ್ಯತ್ಯಾಸ ಒಂದು ದಿನದ ಬಡ್ಡಿಯ ಒಳಗೆ ಇದ್ದರೆ ಬ್ಯಾಂಕಿನ ಅಂಕಿ ಹಿಡಿದು ಮುಂದೆ ಹೋಗುವುದು. ಅದಕ್ಕಿಂತ ಜಾಸ್ತಿ ಇದ್ದರೆ ಬಡ್ಡಿ ದರ ಅಥವಾ ರಿನ್ಯೂ ಆದ ತಾರೀಕಿನಲ್ಲಿ ಏನೋ ಇದೆ ಅಂತ ಅರ್ಥ.

ಟರ್ಮ್ ಲೋನಿನಲ್ಲಿ ಮಾರ್ಚ್ 31ಕ್ಕೆ ಹಾಕಿದ ಬಡ್ಡಿ ಏಳೆಂಟು ಸಾವಿರ "ಪಾವತಿಯಾಗದೆ ಉಳಿದದ್ದು" ಅಂತ ಬಂತು. ನಮ್ಮ ಕಂತು ಏಪ್ರಿಲ್ 5ಕ್ಕೆ. ಆದಾಯ ತೆರಿಗೆ ಕಾಯ್ದೆಯ 43ಬಿ ಪ್ರಕಾರ ಆ ವರ್ಷಕ್ಕೆ ಬ್ಯಾಂಕಿನ ಬಡ್ಡಿ ನಿಜವಾಗಿ ಕಟ್ಟಿದರೆ ಮಾತ್ರ ಖರ್ಚು. ರಿಟರ್ನ್ ಹಾಕುವ ಗಡುವಿನ ಒಳಗೆ ಕಟ್ಟಿದರೂ ಆಗುತ್ತದೆ. ಏಪ್ರಿಲ್ 5ರ ಸ್ಟೇಟ್‌ಮೆಂಟ್ ಹಾಳೆ ಒಂದನ್ನು ಅದಕ್ಕೆ ಪಿನ್ ಮಾಡಿ ಕೊಟ್ಟೆ. ಹಿಂದಿನ ವರ್ಷ ಈ ಒಂದು ಸಾಲಿಗೆ ಆರ್ಟಿಕಲ್ ಹುಡುಗನ ಫೋನು ಎಷ್ಟೋ ಸಲ ಬಂದಿತ್ತು.

ಈ ಪತ್ರದಿಂದ ಆಗದ ಕೆಲಸವೂ ಇದೆ. ಮಾರ್ಚ್ ತ್ರೈಮಾಸಿಕದ ಟಿಡಿಎಸ್ ರಿಟರ್ನ್ ಹಾಕಲಿಕ್ಕೆ ಬ್ಯಾಂಕಿಗೆ ಮೇ 31ರ ತನಕ ಸಮಯ ಇದೆ. ಅದಾದ ಮೇಲೆಯೇ 26ಎಎಸ್ ಪೂರ್ತಿ ಆಗುವುದು. ಏಪ್ರಿಲಿನಲ್ಲಿ ಬಂದ ಸರ್ಟಿಫಿಕೇಟನ್ನು ಜೂನ್ ಮಧ್ಯದಲ್ಲಿ ಇನ್ನೊಮ್ಮೆ ತಾಳೆ ನೋಡಲೇಬೇಕು. ಮತ್ತೆ, ಫರ್ಮಿನ ಹಣವನ್ನು ಪಾಲುದಾರರೊಬ್ಬರ ಸ್ವಂತ ಹೆಸರಿನಲ್ಲಿ ಎಫ್‌ಡಿ ಇಟ್ಟಿದ್ದರೆ ಅದು ಈ ಪತ್ರಕ್ಕೆ ಸಿಗುವುದಿಲ್ಲ. ಪ್ಯಾನ್ ಬೇರೆ, ಐಡಿ ಬೇರೆ, ಟಿಡಿಎಸ್ ಹೋಗುವುದು ಅವರ ಸ್ವಂತ ಲೆಕ್ಕಕ್ಕೆ. ಅದಕ್ಕೆ ಆ ಪಾಲುದಾರರೇ ಸಹಿ ಮಾಡಿದ ಬೇರೆ ಪತ್ರ ಬೇಕು. ಬಂದರಿನ ಹಳೆಯ ಫರ್ಮುಗಳಲ್ಲಿ ಇದು ಇನ್ನೂ ಇದೆ. ಮುಂದಿನ ರಿನ್ಯೂವಲ್ ಬರುವಾಗ ಫರ್ಮಿನ ಹೆಸರಿಗೆ ಮಾಡಿಸಿಬಿಡುವುದೇ ಸರಿ ಅಂತ ನಾನು ಹೇಳುತ್ತೇನೆ.

ಒಟ್ಟು ಖರ್ಚು: ಎರಡು ಐಡಿಯ ಸರ್ಟಿಫಿಕೇಟಿಗೆ ಬ್ಯಾಂಕು ಹಿಡಿದದ್ದು ಜಿಎಸ್‌ಟಿ ಸೇರಿ 350ರ ಹತ್ತಿರ, ಜೆರಾಕ್ಸ್ ಹತ್ತಿಪ್ಪತ್ತು ರೂಪಾಯಿ. ಬ್ಯಾಂಕಿನಿಂದ ಬ್ಯಾಂಕಿಗೆ ಈ ಚಾರ್ಜು ಬೇರೆ ಇರುತ್ತದೆ, ಕೆಲವು ಕಡೆ ಮೊದಲ ಸಲಕ್ಕೆ ಇರುವುದೇ ಇಲ್ಲ. ಆಡಿಟರ ಬಿಲ್ಲಿನಲ್ಲಿ ಹಿಂದಿನ ವರ್ಷದ ಆ ಐದಾರು ಸಾವಿರದ ಸಾಲು ಈ ಸಲ ಇಲ್ಲ. ಉಡುಪಿಯಲ್ಲಿ ಹಾರ್ಡ್‌ವೇರ್ ಫರ್ಮಿನ ಲೆಕ್ಕ ನೋಡುವ ಗೆಳೆಯರೊಬ್ಬರು ಇದೇ ಪತ್ರವನ್ನು ತಮ್ಮ ಬ್ಯಾಂಕಿಗೆ ಕೊಟ್ಟಿದ್ದಾರೆ. ಅವರಿಗೆ ನಾಲ್ಕನೇ ಅಂಶದಲ್ಲಿ ಒಂದು ಲಿಯನ್, ಅಂದರೆ ಎಫ್‌ಡಿ ತೆಗೆಯದ ಹಾಗೆ ಬ್ಯಾಂಕು ಹಾಕಿದ ತಡೆ, ಸಿಕ್ಕಿತು. ಮುಗಿದುಹೋದ ಗ್ಯಾರಂಟಿಗೆ ಇಟ್ಟ ಮಾರ್ಜಿನ್ ಎಫ್‌ಡಿ, ಯಾರೂ ಬಿಡಿಸಿರಲಿಲ್ಲ. ಗ್ಯಾರಂಟಿಯ ಮೂಲ ಕಾಗದ ಹಿಂದೆ ಕೊಟ್ಟು ಅದನ್ನು ಬಿಡಿಸುವ ಕೆಲಸದಲ್ಲಿ ಅವರು ಈಗ ಇದ್ದಾರೆ.